ಒಂದೇ ಊರು, ಮೂರು ಸ್ಪೆಲ್ಲಿಂಗು: ಯರಗಟ್ಟಿಯ ವರ್ಕ್‌ಶಾಪಿಗೆ ಮೇಲ್ ವಿಳಾಸ ಮಾಡಿಸಿದ್ದು

ನಮ್ಮ ಹಾಸ್ಟೆಲ್ ಗೆಳೆಯನೊಬ್ಬನ ಊರು ಯರಗಟ್ಟಿ. ಅವನ ಅಪ್ಪ ಅಲ್ಲಿ ಕೂರಿಗೆ, ಕಲ್ಟಿವೇಟರ್, ಟ್ರ್ಯಾಕ್ಟರಿಗೆ ಜೋಡಿಸುವ ಬೇರೆ ಸಾಮಾನು ಮಾಡಿಕೊಡುವ ವರ್ಕ್‌ಶಾಪ್ ಇಟ್ಟಿದ್ದಾರೆ. ಇಪ್ಪತ್ತು ವರ್ಷಕ್ಕೂ ಹೆಚ್ಚಿನ ಅಂಗಡಿ. ಸುತ್ತಲಿನ ಹಳ್ಳಿಯ ರೈತರಿಗೆ ಅವರ ಹೆಸರೇ ಸಾಕು, ಬೋರ್ಡು ಓದುವ ಗರಜೇ ಇಲ್ಲ. ಈ ಬರಹ ಶುರುವಾಗುವುದು ಬೋರ್ಡು ಓದಿದ ಒಬ್ಬರಿಂದ.

ಮಾರ್ಚ್ ತಿಂಗಳಲ್ಲಿ ರಾಮದುರ್ಗದ ಕಡೆಯ ಒಂದು ರೈತ ಉತ್ಪಾದಕರ ಕಂಪನಿ ಹನ್ನೆರಡು ಕೂರಿಗೆಗೆ ಕೊಟೇಶನ್ ಕೇಳಿತು. ಅಪ್ಪಾರು ಹೇಳಿದ ರೇಟನ್ನು ನಮ್ಮ ಗೆಳೆಯ ಪಿಡಿಎಫ್ ಮಾಡಿ ತನ್ನ ಜಿಮೇಲ್‌ನಿಂದ ಕಳಿಸಿದ. ಆರ್ಡರ್ ಬಂತು. ಅಡ್ವಾನ್ಸ್ ಕೇಳಿ ಪ್ರೊಫಾರ್ಮಾ ಬಿಲ್ಲು ಕಳಿಸಿದ್ದು ಅವನ ಅಣ್ಣ, ಇನ್ನೊಂದು ಜಿಮೇಲ್‌ನಿಂದ. ಅಲ್ಲಿಗೆ ಎಲ್ಲ ನಿಂತಿತು. ಮೂರನೇ ದಿನ ಆ ಕಂಪನಿಯ ಅಕೌಂಟ್ಸ್ ನೋಡುವವರು ಫೋನ್ ಮಾಡಿದರು: "ಅಲ್ರೀ, ಕೊಟೇಶನ್‌ದಾಗ ಒಂದು ಹೆಸರ, ಬಿಲ್ಲಿನ್ಯಾಗ ಒಂದು ಹೆಸರ, ಬ್ಯಾಂಕಿನ್ಯಾಗ ಮತ್ತೊಂದ. ಮೇಲ್ ಐಡಿನೂ ಎರಡ. ಇದರಾಗ ನಿಮ್ಮದು ಯಾವ್ದು?"

ಅವರು ಸುಮ್ಮನೆ ತಕರಾರು ತೆಗೆದದ್ದಲ್ಲ. ಹಿಂದೊಮ್ಮೆ ಬೇರೆ ಸಪ್ಲೈಯರ್ ಹೆಸರಿನಲ್ಲಿ "ನಮ್ಮ ಅಕೌಂಟ್ ನಂಬರ್ ಬದಲಾಗಿದೆ" ಅಂತ ಮೇಲ್ ಬಂದು, ಆ ಕಂಪನಿಯವರು ರೊಕ್ಕ ಕಳೆದುಕೊಂಡಿದ್ದರಂತೆ. ಆಮೇಲೆ ಕಾಗದ ಪೂರ್ತಿ ಹೊಂದುವವರೆಗೂ ಪೇಮೆಂಟ್ ಬಿಡಬಾರದು ಅಂತ ಅವರಲ್ಲಿ ಠರಾವಾಗಿತ್ತು. ಹನ್ನೆರಡು ದಿನ ಅಡ್ವಾನ್ಸ್ ತಡೆಯಿತು. ಮುಂಗಾರು ಬಿತ್ತನೆಗೆ ಮುಂಚೆ ಕೂರಿಗೆ ಕೊಡಲೇಬೇಕು, ಹಾಗಾಗಿ ಅಪ್ಪಾರು ಬೆಳಗಾವಿಯಿಂದ ಕಬ್ಬಿಣವನ್ನು ಬಡ್ಡಿಗೆ ತಂದರು. ಲಾಭದ ಒಂದು ಪಾಲು ಅಲ್ಲೇ ಹೋಯಿತು.

ಸೆಮಿಸ್ಟರ್ ರಜೆಯಲ್ಲಿ ನಾವು ಮೂರು ಜನ ಯರಗಟ್ಟಿಗೆ ಹೋಗಿ ಇದನ್ನು ಸರಿಮಾಡಲು ಕೂತೆವು. ಡೊಮೇನ್ ತಗೊಂಡು ಮೇಲ್ ಐಡಿ ಮಾಡಿದರೆ ಮುಗೀತು, ಅರ್ಧ ದಿನದ ಕೆಲಸ ಅಂದುಕೊಂಡಿದ್ದೆವು. ಒಂದು ವಾರ ಹಿಡಿಯಿತು, ಅದರಲ್ಲಿ ಮೊದಲ ಎರಡು ದಿನ ಲ್ಯಾಪ್‌ಟಾಪ್ ತೆಗೆಯಲೇ ಇಲ್ಲ.

ಮೊದಲು ಕಾಗದ

ಅಂಗಡಿಯ ಕಾಗದ ಪತ್ರ ಎಲ್ಲ ಕಟ್ಟೆಯ ಮೇಲೆ ಹರಡಿದಾಗ ಅಕೌಂಟ್ಸ್‌ನವರ ಮೇಲಿನ ಸಿಟ್ಟು ಇಳಿಯಿತು. ಬೋರ್ಡಿನ ಮೇಲೆ ಊರಿನ ಹೆಸರು `Yargatti`. ಜಿಎಸ್‌ಟಿ ಪ್ರಮಾಣಪತ್ರದಲ್ಲಿ `Yaragatti`. ಬಿಲ್‌ಬುಕ್ಕಿನಲ್ಲಿ `Yeragatti`, ಪ್ರಿಂಟಿಂಗ್ ಪ್ರೆಸ್ಸಿನವರ ಕೊಡುಗೆ. ಊರಿನ ಹೆಸರೇ ಅಂಗಡಿಯ ಹೆಸರಿನೊಳಗೆ ಇದ್ದುದರಿಂದ ಇದು ಬರೀ ವಿಳಾಸದ ತಪ್ಪಲ್ಲ, ಮೂರು ಅಂಗಡಿ ಇದ್ದ ಹಾಗೆ.

ನಮ್ಮ ಭಾಗದವರಿಗೆ ಈ ಕಷ್ಟ ಸ್ವಲ್ಪ ಹೆಚ್ಚು. ಯರಗಟ್ಟಿ ಮೊದಲು ಸವದತ್ತಿ ತಾಲೂಕಿನಲ್ಲಿತ್ತು, ಈಗ ಅದೇ ತಾಲೂಕು. ಸವದತ್ತಿಯನ್ನು ಹಳೇ ಕಾಗದದಲ್ಲಿ `Saundatti` ಅಂತ ಬರೆಯುತ್ತಾರೆ, ಹೊಸದರಲ್ಲಿ `Savadatti`. ಜಿಲ್ಲೆಯ ಹೆಸರು 2014ರ ನವೆಂಬರ್ 1ರಿಂದ ಅಧಿಕೃತವಾಗಿ ಬೆಳಗಾವಿ, ಆದರೆ ಹಳೇ ಲೆಟರ್‌ಹೆಡ್ ಖಾಲಿಯಾಗುವವರೆಗೆ `Belgaum` ಓಡುತ್ತಲೇ ಇರುತ್ತದೆ. ಓದುವ ಮನುಷ್ಯನಿಗೆ ಎಲ್ಲ ಒಂದೇ. ಎರಡು ಕಾಗದ ಪಕ್ಕಪಕ್ಕ ಇಟ್ಟು ತಾಳೆ ನೋಡುವವರಿಗೆ ಒಂದೇ ಅಲ್ಲ.

ಬ್ರ್ಯಾಂಡಿಂಗ್ ಅಂದರೆ ಲೋಗೋ, ಬಣ್ಣ ಅಂತ ನಾವು ಕ್ಲಬ್ಬಿನ ಪೋಸ್ಟರ್ ಮಾಡುವಾಗ ತಿಳಿದುಕೊಂಡಿರುತ್ತೇವೆ. ಇಂಥ ಅಂಗಡಿಗೆ ಅದರ ಮೊದಲ ಅರ್ಥ, ಎಲ್ಲ ಕಡೆ ಅಕ್ಷರ ಅಕ್ಷರವೂ ಒಂದೇ ಹೆಸರು. ಯಾವ ಸ್ಪೆಲ್ಲಿಂಗ್ ಇಟ್ಟುಕೊಳ್ಳಬೇಕು ಅನ್ನುವುದನ್ನು ಅಂದಚೆಂದ ನೋಡಿ ತೀರ್ಮಾನಿಸಲಿಲ್ಲ. ಯಾವ ಕಾಗದ ಬದಲಿಸುವುದು ಎಲ್ಲಕ್ಕಿಂತ ಕಷ್ಟವೋ ಅದರಲ್ಲಿರುವುದೇ ಸರಿ ಅಂತ ಇಟ್ಟುಕೊಂಡೆವು. ಅದು ಜಿಎಸ್‌ಟಿ. ಅದರಲ್ಲಿ ಎರಡು ಹೆಸರು ಇರುತ್ತವೆ: ಲೀಗಲ್ ನೇಮ್, ಟ್ರೇಡ್ ನೇಮ್. ಒಬ್ಬರೇ ಮಾಲೀಕರ ಅಂಗಡಿಯಾದರೆ ಲೀಗಲ್ ನೇಮ್ ಅಂದರೆ ಪ್ಯಾನ್ ಕಾರ್ಡಿನ ಹೆಸರು, ಅಂದರೆ ಅಪ್ಪಾರ ಸ್ವಂತ ಹೆಸರು. ಟ್ರೇಡ್ ನೇಮ್ ಅಂದರೆ ಅಂಗಡಿಯ ಹೆಸರು. ಟ್ರೇಡ್ ನೇಮ್ ಬದಲಿಸಬೇಕಾದರೆ ಅರ್ಜಿ ಹಾಕಿ ಅಧಿಕಾರಿಯ ಒಪ್ಪಿಗೆಗೆ ಕಾಯಬೇಕು. ಬೋರ್ಡು ಬದಲಿಸಲು ಪೇಂಟರ್ ಸಾಕು. ಹಾಗಾಗಿ `Yaragatti` ಗೆದ್ದಿತು.

ಬ್ಯಾಂಕಿನ ಗೊಂದಲವೂ ಇಲ್ಲೇ ಬಿಚ್ಚಿಕೊಂಡಿತು. ಅಪ್ಪಾರ ಖಾತೆ ಅವರ ಸ್ವಂತ ಹೆಸರಿನಲ್ಲಿತ್ತು, ಬಿಲ್ಲು ಅಂಗಡಿ ಹೆಸರಿನಲ್ಲಿ. ಎನ್‌ಇಎಫ್‌ಟಿ, ಆರ್‌ಟಿಜಿಎಸ್‌ನಲ್ಲಿ ರೊಕ್ಕ ಹಾಕುವ ಮೊದಲು ಆ ಖಾತೆ ಯಾರ ಹೆಸರಲ್ಲಿದೆ ಅಂತ ನೋಡುವ ಸೌಲಭ್ಯವನ್ನು ಬ್ಯಾಂಕುಗಳು 2025ರ ಏಪ್ರಿಲ್ 1ರೊಳಗೆ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿತ್ತು. ಕೊಡುವವರ ಕಣ್ಣಿಗೆ ಈಗ ಖಾತೆದಾರರ ಹೆಸರು ಬೀಳುತ್ತದೆ, ಅದು ಬಿಲ್ಲಿಗೆ ಹೊಂದದಿದ್ದರೆ ಕೈ ತಡೆಯುತ್ತದೆ. ಎರಡು ದಾರಿ ಇದ್ದವು: ಅಂಗಡಿ ಹೆಸರಲ್ಲಿ ಕರೆಂಟ್ ಅಕೌಂಟ್ ತೆಗೆಯುವುದು, ಅದು ಆಗುವವರೆಗೆ ಬಿಲ್ಲಿನ ಮೇಲೆಯೇ "ಮಾಲೀಕರು: ಇಂಥವರು" ಅಂತ ಪ್ಯಾನ್ ಹೆಸರನ್ನು ಬರೆಯುವುದು. ಎರಡನ್ನೂ ಮಾಡಿದೆವು.

ಡೊಮೇನ್ ಯಾರ ಹೆಸರಿಗೆ?

ಡೊಮೇನ್ ತಗೊಳ್ಳಲು ಹೋದಾಗ ತಿಳಿದದ್ದು, ಅಂಗಡಿಗೆ ಡೊಮೇನ್ ಈಗಾಗಲೇ ಇತ್ತು! ಎರಡು ವರ್ಷದ ಹಿಂದೆ ಯಾರೋ ವೆಬ್‌ಸೈಟ್ ಮಾಡಿಕೊಟ್ಟಿದ್ದರು, ಅಪ್ಪಾರಿಗೆ ಮರೆತೇ ಹೋಗಿತ್ತು. ಆದರೆ ಅದನ್ನು ನೋಂದಾಯಿಸಿದ್ದು ವೆಬ್‌ಸೈಟ್ ಮಾಡಿದವರ ಅಕೌಂಟಿನಲ್ಲಿ, ಅವರದೇ ಮೇಲ್ ಐಡಿ ಕೊಟ್ಟು. ಕಾನೂನಿನ ಲೆಕ್ಕದಲ್ಲಿ ಹೊಲ ಉಳುವವರು ನಾವು, ಪಹಣಿ ಅವರ ಹೆಸರಲ್ಲಿ. ಪುಣ್ಯಕ್ಕೆ ಅವರು ಫೋನ್ ಎತ್ತಿದರು, ಅಪ್ಪಾರ ಹೆಸರಿನ ಅಕೌಂಟಿಗೆ ವರ್ಗಾಯಿಸಿಕೊಟ್ಟರು.

ಇದಕ್ಕೆ ಇಷ್ಟು ಒತ್ತು ಕೊಡುವುದಕ್ಕೆ ಕಾರಣ ಇದೆ. ಡೊಮೇನ್ ಅವಧಿ ಮುಗಿದಾಗ ನೆನಪಿನ ಮೇಲ್ ಹೋಗುವುದು ನೋಂದಾಯಿಸಿದವರಿಗೆ. ಅವರು ನೋಡದಿದ್ದರೆ ಡೊಮೇನ್ ಸತ್ತು, ವಿಳಾಸಕ್ಕೆ ಬರುವ ಮೇಲ್ ಎಲ್ಲ ನಿಲ್ಲುತ್ತದೆ. ಕೊನೆಗೆ ಅದು ಮಾರುಕಟ್ಟೆಗೆ ಬಿದ್ದರೆ ಯಾರು ಬೇಕಾದರೂ ಕೊಳ್ಳಬಹುದು. ಕೊಂಡವರಿಗೆ ಹಳೇ ವಿಳಾಸಕ್ಕೆ ಬರುವ ಮೇಲ್ ಎಲ್ಲ ಸಿಗುತ್ತದೆ, ಆ ವಿಳಾಸ ಕೊಟ್ಟು ತೆರೆದ ಅಕೌಂಟುಗಳ ಪಾಸ್‌ವರ್ಡ್ ರೀಸೆಟ್ ಲಿಂಕೂ ಸೇರಿ. ಅದಕ್ಕೇ ನೋಂದಣಿದಾರರ ಅಕೌಂಟಿಗೆ ಅದೇ ಡೊಮೇನಿನ ಮೇಲ್ ಕೊಡಬಾರದು, ಬೀಗದ ಕೈ ಒಳಗಿಟ್ಟು ಬಾಗಿಲು ಹಾಕಿಕೊಂಡ ಹಾಗಾಗುತ್ತದೆ. ಅಪ್ಪಾರ ಹಳೇ ಜಿಮೇಲ್ ಅಲ್ಲಿಗೆ ಸರಿಹೋಯಿತು. ಹಾಗೆಯೇ ಕಾಲೇಜಿನ ಐಡಿಯನ್ನೂ ಕೊಡಬೇಡಿ, ಓದು ಮುಗಿದ ಮೇಲೆ ಅದು ನಮ್ಮ ಕೈಯಲ್ಲಿ ಇರುತ್ತದೆ ಅನ್ನುವ ಭರವಸೆ ಇಲ್ಲ.

ಕನ್ನಡ ಕ್ಲಬ್ಬಿನವರು ಅಂದಮೇಲೆ ಈ ಪ್ರಶ್ನೆ ಬಂದೇ ಬರುತ್ತದೆ: `.ಭಾರತ` ಕೊನೆಯಿರುವ ಕನ್ನಡ ಡೊಮೇನ್ ಯಾಕೆ ತಗೊಳ್ಳಲಿಲ್ಲ? ಸಿಗುತ್ತದೆ, ವೆಬ್‌ಸೈಟಿಗೆ ಚೆನ್ನಾಗಿ ಓಡುತ್ತದೆ. ಮೇಲ್ ವಿಚಾರ ಬೇರೆ. ಕಳಿಸುವ ಸರ್ವರ್, ಪಡೆಯುವ ಸರ್ವರ್ ಎರಡೂ ಕನ್ನಡ ಅಕ್ಷರದ ವಿಳಾಸವನ್ನು ಒಪ್ಪಬೇಕು, ನಡುವೆ ಒಂದು ಹಳೇ ಸರ್ವರ್ ಇದ್ದರೂ ಮೇಲ್ ತಿರುಗಿ ಬರುತ್ತದೆ. ವಿಳಾಸ ತುಂಬಿಸುವ ಎಷ್ಟೋ ಆನ್‌ಲೈನ್ ಅರ್ಜಿಗಳು ಅದನ್ನು ತಪ್ಪು ಅಂತಲೇ ಹೇಳುತ್ತವೆ. ರೊಕ್ಕದ ವ್ಯವಹಾರ ಇರುವ ಕಡೆ ಸದ್ಯಕ್ಕೆ ಬೇಡ ಅನ್ನಿಸಿತು, ಬೇಜಾರಿನಿಂದಲೇ ಬಿಟ್ಟೆವು.

ಮೇಲ್ ಸ್ಪ್ಯಾಮ್‌ಗೆ ಯಾಕೆ ಹೋಯ್ತು

ಇನ್ನು ಮುಂದೆ ಅಂಗಡಿಯ ಡೊಮೇನನ್ನು `example.in` ಅಂತ ಕರೆಯೋಣ. ಮೇಲ್‌ಗೆ ಗೂಗಲ್ ವರ್ಕ್‌ಸ್ಪೇಸ್‌ನಲ್ಲಿ ಒಬ್ಬರೇ ಬಳಕೆದಾರರ ಬಾಡಿಗೆ ಹಿಡಿದೆವು. `sales@`, `accounts@` ಎರಡೂ ಬೇಕಿದ್ದವು, ಆದರೆ ಎರಡಕ್ಕೂ ಬೇರೆ ಬೇರೆ ಬಾಡಿಗೆ ಕೊಡಬೇಕಿಲ್ಲ. ಒಂದು ಅಂಚೆಪೆಟ್ಟಿಗೆಗೆ ಹಲವು ಹೆಸರು ಅಂಟಿಸುವ ಏಲಿಯಾಸ್ ಸೌಲಭ್ಯ ಇದೆ, ಅದಕ್ಕೆ ಹೆಚ್ಚಿನ ರೊಕ್ಕವಿಲ್ಲ. ಸೆಟ್ಟಿಂಗ್ಸ್‌ನಲ್ಲಿ "ಯಾವ ವಿಳಾಸಕ್ಕೆ ಬಂತೋ ಅದೇ ವಿಳಾಸದಿಂದ ಉತ್ತರ" ಅನ್ನುವುದನ್ನು ಆರಿಸುವುದು ಮಾತ್ರ ಮರೆಯಬಾರದು. ಇಲ್ಲದಿದ್ದರೆ `sales@`ಗೆ ಕೇಳಿದವರಿಗೆ ಬೇರೆ ಹೆಸರಿನಿಂದ ಉತ್ತರ ಹೋಗಿ, ಮತ್ತೆ ಹಳೇ ರಾಮಾಯಣ.

ಮೇಲ್ ಹೊರಟಿತು. ನಮ್ಮ ಮೂವರ ಜಿಮೇಲ್‌ಗೂ ಟೆಸ್ಟ್ ಕಳಿಸಿದೆವು, ಮೂವರಿಗೂ ಸ್ಪ್ಯಾಮ್‌ನಲ್ಲಿ ಬಿತ್ತು. ಗೆಳೆಯನ ಅಪ್ಪ ನಮ್ಮ ಮುಖ ನೋಡಿ, "ಏನ್ರೋ ತಮ್ಮಾ, ಹಳೇದ ಚಲೋ ಇತ್ತಲ್ಲ" ಅಂದರು.

ಕಾರಣ ತಿಳಿಯಲು ಮೇಲ್ ಹೇಗೆ ಓಡಾಡುತ್ತದೆ ಅನ್ನುವುದನ್ನು ಸ್ವಲ್ಪ ನೋಡಬೇಕು. ಅಂಚೆ ಲಕೋಟೆಯ ಹಿಂದೆ "ಇಂದ" ವಿಳಾಸ ಯಾರು ಏನು ಬೇಕಾದರೂ ಬರೆಯಬಹುದು ಅಲ್ಲವೇ? ಇಮೇಲ್‌ನ ಮೂಲ ನಿಯಮವೂ ಹಾಗೇ ಇದೆ, ಕಳಿಸುವವರ ಹೆಸರನ್ನು ಅದು ಪರೀಕ್ಷಿಸುವುದಿಲ್ಲ. ಆಮೇಲೆ ಮೂರು ಕಾವಲು ಸೇರಿಸಿದರು. ಎಸ್‌ಪಿಎಫ್ ಅಂದರೆ, ನಮ್ಮ ಡೊಮೇನ್ ಹೆಸರಿನಲ್ಲಿ ಮೇಲ್ ಕಳಿಸಲು ಯಾವ ಸರ್ವರುಗಳಿಗೆ ಅನುಮತಿ ಇದೆ ಅನ್ನುವ ಪಟ್ಟಿ, ಡಿಎನ್‌ಎಸ್‌ನಲ್ಲಿ ಎಲ್ಲರೂ ಓದುವಂತೆ ಹಾಕಿದ್ದು. ಡಿಕಿಮ್ ಅಂದರೆ ಪ್ರತಿ ಮೇಲ್ ಮೇಲೆ ಸರ್ವರ್ ಒತ್ತುವ ಡಿಜಿಟಲ್ ಮೊಹರು. ಅದನ್ನು ಪರೀಕ್ಷಿಸುವ ಕೀಲಿಯೂ ಡಿಎನ್‌ಎಸ್‌ನಲ್ಲೇ ಇರುತ್ತದೆ. ಮೂರನೆಯದು ಡಿಮಾರ್ಕ್. ಓದುವವರ ಕಣ್ಣಿಗೆ ಕಾಣುವ "ಇಂದ" ವಿಳಾಸದ ಡೊಮೇನಿಗೆ ಇವೆರಡರಲ್ಲಿ ಒಂದಾದರೂ ಹೊಂದಬೇಕು, ಹೊಂದದಿದ್ದರೆ ಆ ಮೇಲನ್ನು ಏನು ಮಾಡಬೇಕು ಅಂತ ಹೇಳುವುದು ಅದರ ಕೆಲಸ. ದಿನಕ್ಕೆ 5000ಕ್ಕೂ ಹೆಚ್ಚು ಮೇಲ್ ಕಳಿಸುವವರಿಗೆ ಜಿಮೇಲ್ 2024ರ ಫೆಬ್ರವರಿಯಿಂದ ಮೂರನ್ನೂ ಕಡ್ಡಾಯ ಮಾಡಿದೆ. ದಿನಕ್ಕೆ ಐದು ಮೇಲ್ ಕಳಿಸುವ ನಮ್ಮ ವರ್ಕ್‌ಶಾಪಿನಂಥವರಿಗೂ ಎಸ್‌ಪಿಎಫ್ ಅಥವಾ ಡಿಕಿಮ್ ಒಂದಾದರೂ ಬೇಕೇ ಬೇಕು.

ನಾವು ಎಸ್‌ಪಿಎಫ್ ಹಾಕಿದ್ದೆವು! ಆದರೂ ಯಾಕೆ ಹೀಗೆ? ಕಂಪ್ಯೂಟರಿನಲ್ಲಿ ಜಿಮೇಲ್ ತೆರೆದು, ಆ ಮೇಲ್‌ನ ಮೂರು ಚುಕ್ಕೆಯ ಮೆನುವಿನಲ್ಲಿ "ಶೋ ಒರಿಜಿನಲ್" ಒತ್ತಿದೆವು. ಎಸ್‌ಪಿಎಫ್ ಎದುರು `PASS` ಇರಬೇಕಾದ ಜಾಗದಲ್ಲಿ `PERMERROR` ಇತ್ತು. ಟರ್ಮಿನಲ್‌ನಲ್ಲಿ ನೋಡಿದಾಗ ಗುಟ್ಟು ಬಯಲಾಯಿತು:

```
$ dig +short TXT example.in
"v=spf1 a mx ~all"
"v=spf1 include:_spf.google.com ~all"
```

ಮೊದಲ ಸಾಲು ಹಳೇ ವೆಬ್‌ಸೈಟ್ ಹೋಸ್ಟಿಂಗ್‌ನವರು ತಾವಾಗಿಯೇ ಹಾಕಿದ್ದು, ಎರಡನೆಯದು ನಮ್ಮದು. ಒಂದು ಡೊಮೇನಿಗೆ ಎಸ್‌ಪಿಎಫ್ ಸಾಲು ಒಂದೇ ಇರಬೇಕು. ಎರಡು ಸಿಕ್ಕರೆ ಪಡೆಯುವ ಸರ್ವರ್ ಯಾವುದನ್ನೂ ನಂಬದೆ ಶಾಶ್ವತ ದೋಷ ಅಂತ ಬಿಟ್ಟುಬಿಡುತ್ತದೆ. ಊರಿನ ಸ್ಪೆಲ್ಲಿಂಗಿನ ಕತೆಯೇ ಇಲ್ಲಿ ಮತ್ತೆ ನಡೆದಿತ್ತು, ಈ ಸಲ ಡಿಎನ್‌ಎಸ್‌ನಲ್ಲಿ. ಎರಡನ್ನೂ ಅಳಿಸಿ ಒಂದು ಮಾಡಿದೆವು. ವೆಬ್‌ಸೈಟಿನ ವಿಚಾರಣೆ ಫಾರ್ಮ್ ಅದೇ ಸರ್ವರ್‌ನಿಂದ ಮೇಲ್ ಕಳಿಸುತ್ತಿದ್ದುದರಿಂದ `a` ಉಳಿಸಿಕೊಂಡೆವು. `mx` ಬೇಕಿರಲಿಲ್ಲ:

```
v=spf1 a include:_spf.google.com ~all
```

ಡಿಕಿಮ್ ವಿಚಾರದಲ್ಲಿ ನಾವು ಮಾಡಿದ ತಪ್ಪು ಸಣ್ಣದು, ಆದರೆ ಬಹಳ ಜನ ಮಾಡುವಂಥದ್ದು. ವರ್ಕ್‌ಸ್ಪೇಸ್‌ನ ಅಡ್ಮಿನ್ ಪುಟದಲ್ಲಿ ಕೀಲಿ ಹುಟ್ಟಿಸಿ, `google._domainkey` ಹೆಸರಿನಲ್ಲಿ ಡಿಎನ್‌ಎಸ್‌ಗೆ ಹಾಕಿ, ಮುಗೀತು ಅಂದುಕೊಂಡಿದ್ದೆವು. ಅದೇ ಅಡ್ಮಿನ್ ಪುಟಕ್ಕೆ ಮರಳಿ ಬಂದು ಮೊಹರು ಒತ್ತಲು ಶುರುಮಾಡು ಅನ್ನುವ ಗುಂಡಿಯನ್ನೂ ಒತ್ತಬೇಕು. ಡಿಮಾರ್ಕ್‌ಗೆ `_dmarc` ಹೆಸರಿನಲ್ಲಿ ಒಂದು ಸಾಲು:

```
v=DMARC1; p=none; rua=mailto:accounts@example.in
```

`p=none` ಅಂದರೆ ಸದ್ಯಕ್ಕೆ ಏನೂ ತಡೆಯಬೇಡ, ವರದಿ ಮಾತ್ರ ಕಳಿಸು. ವರದಿಗಳು ನೋಡಲು ಒರಟಾದ ಎಕ್ಸ್‌ಎಂಎಲ್ ಕಡತಗಳು, ಆದರೆ ನಮ್ಮ ಹೆಸರಿನಲ್ಲಿ ಯಾವ ಯಾವ ಸರ್ವರ್ ಮೇಲ್ ಕಳಿಸುತ್ತಿದೆ ಅನ್ನುವುದು ಅದರಲ್ಲಿ ಇರುತ್ತದೆ. ಕೆಲವು ವಾರ ನೋಡಿ, ನಮ್ಮವೇ ಆದ ಮೇಲ್‌ಗಳು ಯಾವುವೂ ಸೋಲುತ್ತಿಲ್ಲ ಅಂತ ಗೊತ್ತಾದ ಮೇಲೆ `p=quarantine` ಮಾಡಿದೆವು. ಮೊದಲ ದಿನವೇ ಬಿಗಿ ಮಾಡಿದ್ದರೆ ವೆಬ್‌ಸೈಟಿನ ಫಾರ್ಮಿನಿಂದ ಬರುವ ವಿಚಾರಣೆಗಳೇ ಸ್ಪ್ಯಾಮ್‌ಗೆ ಬೀಳುತ್ತಿದ್ದವು: ಆ ಫಾರ್ಮ್ ಹೊದಿಕೆಯ ವಿಳಾಸವಾಗಿ ಹೋಸ್ಟಿಂಗ್‌ನವರ ಡೊಮೇನನ್ನೇ ಬಳಸುತ್ತಿತ್ತು, ಅದು ವರದಿ ಬಂದ ಮೇಲೆಯೇ ತಿಳಿದದ್ದು.

ಆರು ಸಾಲಿನ ಸಹಿ

ಅಂಗಡಿಯ ಹಳೇ ಸಹಿ ಹೀಗಿತ್ತು: ವಿಸಿಟಿಂಗ್ ಕಾರ್ಡಿನ ಫೋಟೋ, ಅದರ ಕೆಳಗೆ ಹಸಿರು ಅಕ್ಷರದಲ್ಲಿ ಒಂದು ಸುಭಾಷಿತ. ಚಿತ್ರದೊಳಗಿನ ಫೋನ್ ನಂಬರನ್ನು ಬೆರಳಿನಿಂದ ಒತ್ತಿ ಕರೆ ಮಾಡಲು ಬರುವುದಿಲ್ಲ, ಕಾಪಿ ಮಾಡಲೂ ಬರುವುದಿಲ್ಲ. ಎಷ್ಟೋ ಆಫೀಸುಗಳ ಮೇಲ್‌ನಲ್ಲಿ ಚಿತ್ರ ತೆರೆಯುವುದೇ ಇಲ್ಲ, ಅಲ್ಲಿ ಖಾಲಿ ಚೌಕ ಕಾಣುತ್ತದೆ. ಹತ್ತು ಸಲ ಉತ್ತರ ಪ್ರತ್ಯುತ್ತರ ಆದರೆ ಹತ್ತು ಚಿತ್ರ ಅಂಟಿಕೊಂಡು, ಅಸಲು ಕೊಟೇಶನ್ ಹುಡುಕುವುದೇ ಕಷ್ಟ.

ಕನ್ನಡ ಹೆಸರು ಹಾಕುವಾಗ ಇನ್ನೊಂದು ತಮಾಷೆ ಆಯಿತು. ಪ್ರೆಸ್ಸಿನವರ ಕೋರೆಲ್‌ಡ್ರಾ ಕಡತದಿಂದ ಅಂಗಡಿ ಹೆಸರು ಕಾಪಿ ಮಾಡಿ ಸಹಿಗೆ ಅಂಟಿಸಿದರೆ, ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಾಲು ಬಂತು. ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದು ಅದು. ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೆ ಕನ್ನಡದ ಚಿತ್ರ ಕೂಡಿಸುತ್ತವೆ, ಫಾಂಟ್ ಇಲ್ಲದ ಕಡೆ ಮುಖವಾಡ ಕಳಚುತ್ತದೆ. ಹಾಗಾಗಿ ಯೂನಿಕೋಡ್‌ನಲ್ಲಿ ಹೊಸದಾಗಿ ಟೈಪ್ ಮಾಡಬೇಕು. ಟೈಪ್ ಮಾಡಿದ್ದನ್ನು ಫೋನಿನಲ್ಲೂ ಕಂಪ್ಯೂಟರಿನಲ್ಲೂ ತೆರೆದು ನೋಡಿದ ಮೇಲೆಯೇ ಸರಿ ಅನ್ನಬೇಕು.

ಕೊನೆಗೆ ಉಳಿದದ್ದು ಆರು ಸಾಲು, ಬರೀ ಅಕ್ಷರ: ಮಾಲೀಕರ ಹೆಸರು. ಅಂಗಡಿ ಹೆಸರು ಕನ್ನಡದಲ್ಲಿ. ಅದೇ ಹೆಸರು ಇಂಗ್ಲಿಷಿನಲ್ಲಿ, ಜಿಎಸ್‌ಟಿಯಲ್ಲಿ ಇರುವ ಹಾಗೇ. ಊರು, ತಾಲೂಕು, ಜಿಲ್ಲೆ, ಪಿನ್‌ಕೋಡ್. ಒಂದೇ ಒಂದು ಫೋನ್ ನಂಬರ್. ಜಿಎಸ್‌ಟಿ ಸಂಖ್ಯೆ. ಆ ಕೊನೆಯದು ಯಾಕೆಂದರೆ, ಯಾರು ಬೇಕಾದರೂ ಅದನ್ನು ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿ ಟ್ರೇಡ್ ನೇಮ್ ನೋಡಬಹುದು. ಬಣ್ಣಬಣ್ಣದ ಲೋಗೋಗಿಂತ ಆ ಒಂದು ಸಾಲೇ ಅಕೌಂಟ್ಸ್‌ನವರಿಗೆ ಬೇಕಾದದ್ದು.

ಬ್ಯಾಂಕ್ ಖಾತೆ ನಂಬರನ್ನು ಸಹಿಯಲ್ಲಿ ಬೇಕಂತಲೇ ಹಾಕಲಿಲ್ಲ. ಅದು ಬಿಲ್ಲಿನಲ್ಲಿ ಮಾತ್ರ. ಬದಲಿಗೆ ಬಿಲ್ಲಿನ ಕೆಳಗೆ ಒಂದು ವಾಕ್ಯ ಸೇರಿಸಿದೆವು: "ನಮ್ಮ ಖಾತೆ ಬದಲಾಗಿದೆ ಎಂದು ಮೇಲ್ ಬಂದರೆ ಮೇಲಿನ ನಂಬರಿಗೆ ಕರೆ ಮಾಡಿ ಕೇಳದೆ ಹಣ ಹಾಕಬೇಡಿ."

ಗೆಳೆಯ ಉಮೇದಿನಲ್ಲಿ ಹೆಸರಿನ ಮುಂದೆ "ಪ್ರೈವೇಟ್ ಲಿಮಿಟೆಡ್" ಸೇರಿಸೋಣ, ದೊಡ್ಡದಾಗಿ ಕಾಣುತ್ತದೆ ಅಂದ. ಕಂಪನಿಯಾಗಿ ನೋಂದಾಯಿಸದೆ ಆ ಪದ ಬಳಸಿದರೆ 2013ರ ಕಂಪನಿ ಕಾಯ್ದೆಯ 453ನೇ ಸೆಕ್ಷನ್ ಪ್ರಕಾರ ದಿನಕ್ಕೆ 500ರಿಂದ 2000 ರೂಪಾಯಿವರೆಗೆ ದಂಡ. ಕಾಲೇಜಿನಲ್ಲಿ ಸ್ಟಾರ್ಟಪ್ ಮಾಡುತ್ತೇವೆ ಅಂತ ಇಬ್ಬರೇ ಕೂತು, ಸಹಿಯಲ್ಲಿ "ಸಿಇಒ", "ಪ್ರೈ. ಲಿ." ಅಂತ ಬರೆದುಕೊಂಡ ಮೇಲ್‌ಗಳನ್ನು ನಾವೂ ನೋಡಿದ್ದೇವೆ (ಹೆಸರು ಹೇಳುವುದಿಲ್ಲ, ನೀವೂ ಹೇಳಬೇಡಿ). ದಂಡ ಹಾಗಿರಲಿ, ತಾಳೆ ನೋಡಿದ ಕ್ಷಣ ಸಿಕ್ಕಿಬೀಳುವ ಸುಳ್ಳು ಅದು.

ಇದರಿಂದ ಆಗದ್ದು

ಡಿಮಾರ್ಕ್ ನಮ್ಮ ಡೊಮೇನನ್ನೇ ಕದ್ದು ಬರೆಯುವವರನ್ನು ತಡೆಯುತ್ತದೆ. ಒಂದು ಅಕ್ಷರ ಬದಲಿಸಿ, ಅಂದರೆ ಯರಗಟ್ಟಿಯಲ್ಲಿ ಒಂದು `a` ಬಿಟ್ಟು, ಬೇರೆ ಡೊಮೇನ್ ಕೊಂಡು ಮೋಸ ಮಾಡುವವರನ್ನು ತಡೆಯುವುದಿಲ್ಲ. ಅಪ್ಪಾರ ಊರಿಗೆ ಮೂರು ಸ್ಪೆಲ್ಲಿಂಗ್ ಇರುವುದರಿಂದ ಆ ಅಪಾಯ ನಿಜವಾದದ್ದೇ, ಅದಕ್ಕೆ `Yargatti` ರೂಪದ ಡೊಮೇನನ್ನೂ ಕೊಂಡು ಸುಮ್ಮನೆ ಇಟ್ಟೆವು, ವರ್ಷಕ್ಕೆ ಕೆಲವು ನೂರು ರೂಪಾಯಿ ಖರ್ಚು. ಹೊಸದಾಗಿ ಮೇಲ್ ಕಳಿಸಲು ಶುರುಮಾಡಿದ ಡೊಮೇನಿಗೆ ಇನ್ನೂ ಸಾಖ ಇರುವುದಿಲ್ಲ. ಮೂರೂ `PASS` ಬಂದರೂ ಮೊದಲ ಕೆಲವು ವಾರ ಒಂದೆರಡು ಮೇಲ್ ಸ್ಪ್ಯಾಮ್‌ಗೆ ಹೋದವು. ಆಗ ಫೋನ್ ಮಾಡಿ "ಮೇಲ್ ಬಂತೇನ್ರೀ" ಅಂತ ಕೇಳುವುದೇ ದಾರಿ.

ಅಂಗಡಿಗೆ ಬರುವ ರೈತರಿಗಂತೂ ಇದಾವುದೂ ಸಂಬಂಧವಿಲ್ಲ, ಅವರು ಎಂದಿನಂತೆ ಬಂದು ಕೂರಿಗೆಯ ತಾಳು ಅಲ್ಲಾಡಿಸಿ ನೋಡಿ ರೇಟು ಕೇಳುತ್ತಾರೆ. ಹಿಂಗಾರಿಗೆ ಮುಂಚೆ ಅದೇ ರೈತ ಕಂಪನಿ ಮತ್ತೆ ಆರು ಕೂರಿಗೆ ಕೇಳಿತು. `sales@`ನಿಂದ ಕೊಟೇಶನ್, `accounts@`ನಿಂದ ಬಿಲ್ಲು. ನಾಲ್ಕನೇ ದಿನ ಅಡ್ವಾನ್ಸ್ ಬಂತು. ಹಾಕುವ ಮೊದಲು ಅಕೌಂಟ್ಸ್‌ನವರು ಫೋನ್ ಮಾಡಿ ಖಾತೆ ನಂಬರಿನ ಕೊನೆಯ ನಾಲ್ಕು ಅಂಕಿ ಕೇಳಿದರಂತೆ, ಬಿಲ್ಲಿನ ಕೆಳಗಿನ ಆ ವಾಕ್ಯ ಓದಿ.